2/5 ಎಂದು ಬರೆದ ಮಕ್ಕಳು

ನಮ್ಮ ಶಾಲೆಗಳಲ್ಲಿ ಎಫ್‌ಎ, ಎಸ್‌ಎ ಅಂದರೆ ಮಕ್ಕಳ ಅಂಕದ ಲೆಕ್ಕ. ಆದರೆ 1967ರಲ್ಲಿ ಮೈಕೆಲ್ ಸ್ಕ್ರಿವೆನ್ ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ ಎಂಬ ಜೋಡಿ ಹೆಸರಿಟ್ಟಾಗ ಅವರು ಚರ್ಚಿಸುತ್ತಿದ್ದದ್ದು ಪಠ್ಯಕ್ರಮದ ಮೌಲ್ಯಮಾಪನವನ್ನು. ಪಠ್ಯ ಇನ್ನೂ ತಿದ್ದುವ ಹಂತದಲ್ಲಿರುವಾಗ ಮಾಡುವುದು ರೂಪಣಾತ್ಮಕ. ಪೂರ್ತಿಯಾದ ಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಲು ಮಾಡುವುದು ಸಂಕಲನಾತ್ಮಕ.

ಆರನೇ ತರಗತಿಗೆ ಹೊಸ ಗಣಿತ ಪಠ್ಯ ಬಂದಿದೆ, ಅದರಲ್ಲಿ ಭಿನ್ನರಾಶಿಯ ಅಧ್ಯಾಯಕ್ಕೆ 12 ಪೀರಿಯಡ್ ಇಟ್ಟಿದ್ದಾರೆ ಅಂದುಕೊಳ್ಳಿ. ಪರಿಶೀಲನಾ ಸಮಿತಿಯವರು ಶಾಲೆಗೆ ಹೋಗಿ "ಪಾಠ ಹೇಗಿದೆ ಮೇಡಂ?" ಎಂದರೆ "ಚೆನ್ನಾಗಿದೆ ಸಾರ್" ಎಂಬ ಉತ್ತರ ಸಿಗುತ್ತದೆ. ಮೇಲಿನಿಂದ ಬಂದವರಿಗೆ ಬೇರೆ ಏನು ಹೇಳಿಯಾರು? ಅದೇ ಮೇಡಂ ಬರೆದಿಟ್ಟ ದಿನಚರಿ ತೆಗೆದರೆ ಪಾಠ ಮುಗಿಯಲು 19 ಪೀರಿಯಡ್ ಹಿಡಿದಿರುತ್ತದೆ. ಎಲ್ಲಿ ನಿಂತಿತು ಎಂಬುದನ್ನು ಮಕ್ಕಳ ನೋಟ್‌ಬುಕ್ ಹೇಳುತ್ತದೆ. 1/2 + 1/3 ಎಷ್ಟು ಎಂದು ಕೇಳಿದ್ದಕ್ಕೆ 40ರಲ್ಲಿ 22 ಮಕ್ಕಳು 2/5 ಎಂದು ಬರೆದಿದ್ದಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂದು ಅವರಿಗೆ ಅನ್ನಿಸಿಲ್ಲ.

ಇಲ್ಲಿ ಸಮಿತಿಗೆ ಬೇಕಾದದ್ದು ಸರಾಸರಿ ಅಂಕವಲ್ಲ, ಈ ತಪ್ಪೇ. ಇದೊಂದೇ ತರಗತಿಯಲ್ಲಿ ಕಂಡರೆ ಬೋಧನೆಯನ್ನು ನೋಡಬೇಕು. ಬೇರೆ ಬೇರೆ ಊರುಗಳ ಶಾಲೆಗಳಲ್ಲೂ ಇದೇ 2/5 ಎದ್ದು ಬಂದರೆ ಅನುಮಾನ ಪುಸ್ತಕದ ಮೇಲೆ ಹೋಗುತ್ತದೆ. ಸಮಾನ ಭಿನ್ನರಾಶಿ ಗಟ್ಟಿಯಾಗುವ ಮೊದಲೇ ಕೂಡುವ ಲೆಕ್ಕ ಬಂತೇ? ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಹೇಳುತ್ತಾ ಲೆಕ್ಕ ಮಾಡಿಸಿದರೆ ಅದು ತಿಳಿಯುತ್ತದೆ. ಅಧ್ಯಾಯದ ಕ್ರಮ ಬದಲಿಸಿ ಮತ್ತೆ ಕೆಲವು ಶಾಲೆಗಳಲ್ಲಿ ಕಲಿಸಿ ನೋಡಬೇಕು.

ಸಂಕಲನಾತ್ಮಕದ ದಾರಿ ಬೇರೆ. ತಿದ್ದುಪಡಿಗೆ ನೆರವಾದ ಶಾಲೆಗಳ ಫಲಿತಾಂಶವನ್ನೇ ಪಠ್ಯ ಗೆದ್ದಿತು ಎನ್ನಲು ಸಾಕ್ಷಿಯಾಗಿ ತರುವಂತಿಲ್ಲ. ಪುಸ್ತಕವನ್ನು ಹೊಲಿದದ್ದೇ ಅವರ ಅಳತೆಗೆ. ಬೇರೆ ಶಾಲೆಗಳು ಬೇಕು, ಸರ್ಕಾರಿ, ಅನುದಾನಿತ, ಏಕೋಪಾಧ್ಯಾಯ ಎಲ್ಲ ಬಗೆಯವೂ. ಮೊದಲ ವರ್ಷವೇ ತೀರ್ಪು ಕೊಡುವುದೂ ತರವಲ್ಲ, ಆಗ ಮೇಷ್ಟ್ರಿಗೇ ಪುಸ್ತಕ ಹೊಸದು.

ವಾರ್ಷಿಕ ಪರೀಕ್ಷೆಯ ಫಲಿತಾಂಶ ಏರಿದೆಯಲ್ಲ ಎನ್ನುವವರಿದ್ದಾರೆ. ಪಠ್ಯದ ಜೊತೆ ಪ್ರಶ್ನೆಪತ್ರಿಕೆಯೂ ಬದಲಾಗಿರುವಾಗ ಆ ಏರಿಕೆ ಯಾವುದರದ್ದು? ಹೋಲಿಸಬೇಕಾದರೆ ಎರಡೂ ಪಠ್ಯಗಳಿಗೆ ಸಲ್ಲುವ ಕೆಲವು ಪ್ರಶ್ನೆಗಳನ್ನು ಹಳೆಯ ಪಠ್ಯ ಓದಿದ ಕೊನೆಯ ತಂಡಕ್ಕೂ ಹೊಸದನ್ನು ಓದಿದವರಿಗೂ ಅಕ್ಷರ ಬದಲಿಸದೆ ಕೊಟ್ಟಿರಬೇಕು. ಹೊಸ ಪುಸ್ತಕ ಅಚ್ಚಾಗುವ ಮುಂಚೆಯೇ ಆಗಬೇಕಾದ ಕೆಲಸವಿದು. ಸಮಿತಿ ರಚನೆಯಾಗಿ ಮೊದಲ ಸಭೆ ಸೇರುವ ಹೊತ್ತಿಗೆ ಆ ಕೊನೆಯ ತಂಡದ ಮಕ್ಕಳು ಏಳನೇ ತರಗತಿ ದಾಟಿರುತ್ತಾರೆ, ಅವರ ಉತ್ತರ ಪತ್ರಿಕೆಗಳು ರದ್ದಿಗೆ ಹೋಗಿರುತ್ತವೆ.