ಬೆಕ್ಕಿರುವ ಮನೆಗೆ ಯಾವ ಉಡುಗೊರೆ?

ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಹೂಗುಚ್ಛ ಒಯ್ಯುವುದು ಸಾಮಾನ್ಯ. ಆದರೆ ಗೆಳತಿಯ ಮನೆಯಲ್ಲಿ ಬೆಕ್ಕಿದ್ದರೆ ಅದರಲ್ಲಿ ಲಿಲ್ಲಿ ಹೂ ಇರಲೇಬಾರದು. ಅದರ ಎಸಳು, ಎಲೆ, ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿಗೆ ವಿಷ. ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಕೆಡಬಹುದು. ಮೊದಲು ವಾಂತಿ, ಜೊಲ್ಲು, ಮಂಕು ಕಾಣುತ್ತವೆ. ಆಮೇಲೆ ಚೇತರಿಸಿಕೊಂಡಂತೆ ತೋರಿದರೂ ಒಳಗೆ ಹಾನಿ ಮುಂದುವರಿದು, ಒಂದರಿಂದ ಮೂರು ದಿನಗಳಲ್ಲಿ ಮೂತ್ರಪಿಂಡ ಸೋಲಬಹುದು. ಆದ್ದರಿಂದ ಲಕ್ಷಣಗಳಿಗೆ ಕಾಯದೆ ತಕ್ಷಣ ಪಶುವೈದ್ಯರ ಬಳಿಗೆ ಒಯ್ಯಬೇಕು. ಹೂವೇ ಕೊಡಬೇಕೆಂದಿದ್ದರೆ ಜರ್ಬೆರಾ ಅಥವಾ ಮುಳ್ಳು ತೆಗೆದ ಗುಲಾಬಿ ಕೊಡಿ.

ಬೆಕ್ಕಿಗೂ ಮನೆಗೂ ಒಪ್ಪುವ ಉಡುಗೊರೆಯೆಂದರೆ ಉಗುರು ಕೆರೆಯುವ ಕಂಬ. ಉಗುರಿನ ಹಳೆಯ ಪೊರೆ ಕಳಚಲು, ಮೈ ನೀಳವಾಗಿ ಚಾಚಲು ಬೆಕ್ಕು ಕೆರೆಯಲೇಬೇಕು. ಬೇರೆ ಜಾಗ ಸಿಗದಿದ್ದರೆ ಸೋಫಾ ಹರಿಯುತ್ತದೆ. ಒರಟು ಹಗ್ಗ ಬಿಗಿಯಾಗಿ ಸುತ್ತಿದ, ಸುಮಾರು 3 ಅಡಿ ಎತ್ತರದ ಕಂಬ ಆರಿಸಿ. ಕೊಳ್ಳುವಾಗ ಮೇಲ್ತುದಿಯನ್ನು ತಳ್ಳಿ ನೋಡಿ. ಬುಡ ಅಲುಗಿದರೆ ಬೇಡ, ಅಲುಗಾಡುವ ಕಂಬವನ್ನು ಬೆಕ್ಕು ಮತ್ತೆ ಮುಟ್ಟುವುದು ಕಷ್ಟ. ಅದನ್ನು ಮೂಲೆಗೆ ಸರಿಸದೆ, ಬೆಕ್ಕು ಈಗ ಕೆರೆಯುತ್ತಿರುವ ಸೋಫಾದ ಪಕ್ಕದಲ್ಲೇ ಇಡಲು ಗೆಳತಿಗೆ ಹೇಳಿ.