ಬರೆಯುವವರು ಬೇರೆ, ದನಿ ಅವರದೇ

ಬಿಡುವಿಲ್ಲದ ಕಂಪನಿ ಮುಖ್ಯಸ್ಥರ ಹೆಸರಿನಲ್ಲಿ ಬರುವ ಎಷ್ಟೋ ಬರಹಗಳನ್ನು ಬೇರೊಬ್ಬರು ಬರೆದಿರುತ್ತಾರೆ. ವಿಚಾರ ಅವರದೇ ಆಗಿದ್ದು, ಅವರು ಓದಿ ಒಪ್ಪಿದ್ದರೆ ಇದರಲ್ಲಿ ತಪ್ಪಿಲ್ಲ ಎಂದೇ ನನ್ನ ನಂಬಿಕೆ.

ಕೆಲಸ ಶುರುವಾಗುವುದು ಮಾತಿನಿಂದ. ಸುಮಾರು 20 ನಿಮಿಷದ ಫೋನ್ ಕರೆ ಸಾಕು. ಒಪ್ಪಿಗೆ ಪಡೆದು ಅದನ್ನು ರೆಕಾರ್ಡ್ ಮಾಡಿಕೊಳ್ಳಬೇಕು. “ನಿಮ್ಮ ದೃಷ್ಟಿಕೋನವೇನು?” ಎಂದು ಕೇಳಿದರೆ ಭಾಷಣ ಬರುತ್ತದೆ. “ಸುದ್ದಿ ತಿಳಿದಾಗ ಮೊದಲು ಯಾರನ್ನು ಕರೆದಿರಿ?” ಎಂದರೆ ನಡೆದದ್ದು ಹೊರಬರುತ್ತದೆ.

ಪೀಣ್ಯದ ಪಂಪ್ ತಯಾರಕರೊಬ್ಬರು ಮಾರಿದ ಪಂಪ್‌ಗಳನ್ನು ವಾಪಸು ತರಿಸಿಕೊಂಡಿದ್ದಾರೆ ಎಂದುಕೊಳ್ಳಿ. ಕಚೇರಿಯ ಕರಡಿನಲ್ಲಿ “ಗುಣಮಟ್ಟದ ಬದ್ಧತೆಯ ಭಾಗವಾಗಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ” ಎಂದಿರುತ್ತದೆ. ಫೋನಿನಲ್ಲಿ ಅವರು ಹೇಳುವುದು ಹೀಗೆ: “ಸೀಲ್ ಸೋರ್ತಿತ್ತು. ರೈತರೊಬ್ರು ಬಾವಿ ಹತ್ರಾನೇ ನಿಂತು ಫೋನ್ ಮಾಡಿದ್ರು. ಎಲ್ಲಾ ವಾಪಸ್ ತರ್ಸಿ ಅಂದೆ.” ಉಚ್ಚಾರವನ್ನಷ್ಟೇ ತಿದ್ದಿ, ತುಂಡು ವಾಕ್ಯಗಳನ್ನು ಹಾಗೇ ಬಿಟ್ಟರೆ ಬರಹದ ಮೊದಲ ಪ್ಯಾರಾ ಸಿದ್ಧ. ಕರಡಿನಲ್ಲಿ ನಿರ್ಧಾರ ತೆಗೆದುಕೊಂಡವರೇ ಕಾಣಿಸುವುದಿಲ್ಲ; ಇಲ್ಲಿ ಅವರು ಎದುರಿಗೇ ನಿಂತಿದ್ದಾರೆ.

ಇಲ್ಲೊಂದು ಆಮಿಷವಿದೆ. “ಆ ರಾತ್ರಿ ನಿದ್ದೆ ಬರಲಿಲ್ಲ” ಎಂದು ಸೇರಿಸಲು ಕೈ ತುಡಿಯುತ್ತದೆ. ಅವರು ಹೇಳದಿದ್ದರೆ ಸೇರಿಸಕೂಡದು. ಹತ್ತಿರದ ಸಿಬ್ಬಂದಿಗೆ ಆ ಸುಳ್ಳು ತಕ್ಷಣ ಗೊತ್ತಾಗುತ್ತದೆ.

ಮುಗಿದ ಕರಡನ್ನು ಅವರಿಂದಲೇ ಗಟ್ಟಿಯಾಗಿ ಓದಿಸಬೇಕು. ತಡವರಿಸಿದ ವಾಕ್ಯ ಅವರದಲ್ಲ, ಅದನ್ನು ಅವರ ಬಾಯಿಂದಲೇ ಮತ್ತೊಮ್ಮೆ ಹೇಳಿಸಿ ಬರೆದುಕೊಳ್ಳಬೇಕು. ಆಮೇಲೆ ಕರಡು ಕಾನೂನು ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಸಂಗತಿಗಳನ್ನು ತಿದ್ದಲಿ. ಧಾಟಿ ಬದಲಾಗಿ ಬಂದರೆ ಮುಖ್ಯಸ್ಥರಿಗೆ ಮತ್ತೆ ತೋರಿಸಿಯೇ ಮುಂದುವರಿಯಬೇಕು.