ಬಿಟ್‌ಕಾಯಿನ್ ಲೆಡ್ಜರ್‌ನಲ್ಲಿ ಬ್ಯಾಲೆನ್ಸ್ ಇಲ್ಲ

ವ್ಯಾಲೆಟ್ ತೆರೆದರೆ 0.08 ಬಿಟ್‌ಕಾಯಿನ್ ಎಂದು ಕಾಣುತ್ತದೆ. ಆದರೆ ಬಿಟ್‌ಕಾಯಿನ್ ಲೆಡ್ಜರ್‌ನಲ್ಲಿ ಎಷ್ಟು ಹುಡುಕಿದರೂ ಈ ಮೊತ್ತ ಸಿಗುವುದಿಲ್ಲ. ಅಲ್ಲಿರುವುದು ಹಿಂದೆ ಬೇರೆ ಬೇರೆ ವಹಿವಾಟಿನಲ್ಲಿ ನಿಮಗೆ ಬಂದು ಇನ್ನೂ ಖರ್ಚಾಗದ ಬಿಡಿ ಮೊತ್ತಗಳು: ಒಂದು 0.05, ಇನ್ನೊಂದು 0.03. ಇವುಗಳನ್ನೇ ಯುಟಿಎಕ್ಸ್‌ಓ, ಅಂದರೆ ಖರ್ಚಾಗದೆ ಉಳಿದ ಔಟ್‌ಪುಟ್ ಎನ್ನುತ್ತಾರೆ. ಕೂಡಿ ತೋರಿಸುವುದು ವ್ಯಾಲೆಟ್‌ನ ಕೆಲಸ.

ಈಗ ಒಬ್ಬರಿಗೆ 0.06 ಕೊಡಬೇಕು ಎನ್ನಿ. ನೋಟನ್ನು ಹರಿದು ಅರ್ಧ ಕೊಡಲಾಗದಂತೆ ಔಟ್‌ಪುಟ್ಟನ್ನೂ ಮುರಿಯಲಾಗದು. ಹಾಗಾಗಿ ಎರಡೂ ಪೂರ್ತಿಯಾಗಿ ಹೋಗಿ, ಎರಡು ಹೊಸ ಔಟ್‌ಪುಟ್ ಹುಟ್ಟುತ್ತವೆ. 0.06 ಅವರಿಗೆ, ಚಿಲ್ಲರೆ 0.0199791 ನಿಮ್ಮದೇ ಹೊಸ ವಿಳಾಸಕ್ಕೆ. ಲೆಕ್ಕ ಹಾಕಿದರೆ 0.0000209, ಅಂದರೆ 2,090 ಸತೋಶಿ ಕಡಿಮೆ ಬರುತ್ತದೆ. ಅದೇ ಮೈನರ್‌ಗೆ ಸಿಗುವ ಶುಲ್ಕ. ಶುಲ್ಕವನ್ನು ವಹಿವಾಟಿನಲ್ಲಿ ಎಲ್ಲೂ ಬರೆದಿರುವುದಿಲ್ಲ, ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ಇರುವ ವ್ಯತ್ಯಾಸವೇ ಶುಲ್ಕ. ವಹಿವಾಟನ್ನು ಕೈಯಾರೆ ರಚಿಸುವವರು ಚಿಲ್ಲರೆಯ ಸಾಲು ಸೇರಿಸಲು ಮರೆತರೆ ಉಳಿದದ್ದೆಲ್ಲ ಮೈನರ್ ಪಾಲು.

ಇಥೀರಿಯಂ ದಾರಿ ಬೇರೆ. ಅಲ್ಲಿ ಪ್ರತಿ ವಿಳಾಸಕ್ಕೂ ಒಂದು ಖಾತೆ, ಅದರಲ್ಲಿ ನಿಜವಾಗಿಯೇ ಒಂದು ಬ್ಯಾಲೆನ್ಸ್ ಇರುತ್ತದೆ. ಕೊಟ್ಟವರಲ್ಲಿ ಕಳೆದು, ಪಡೆದವರಲ್ಲಿ ಕೂಡಿದರೆ ಆಯಿತು. ಆದರೆ ಸಹಿ ಮಾಡಿದ ಅದೇ ಆದೇಶವನ್ನು ಯಾರಾದರೂ ಮತ್ತೆ ಕಳಿಸಿದರೆ? ಬಿಟ್‌ಕಾಯಿನ್‌ನಲ್ಲಿ ಆ ಔಟ್‌ಪುಟ್ ಆಗಲೇ ಖರ್ಚಾಗಿರುವುದರಿಂದ ಆದೇಶ ತಾನಾಗಿಯೇ ಬಿದ್ದುಹೋಗುತ್ತದೆ. ಖಾತೆಯಲ್ಲಿ ಇಂಥ ತಡೆ ಇಲ್ಲ, ಅದಕ್ಕೇ ನಾನ್ಸ್ ಎಂಬ ಕ್ರಮಸಂಖ್ಯೆ ಬೇಕು. 7ನೇ ವಹಿವಾಟು ಕಡಿಮೆ ಶುಲ್ಕದಿಂದ ಸಿಕ್ಕಿಕೊಂಡರೆ, 8ನೆಯದು ಎಷ್ಟೇ ಶುಲ್ಕ ಕೊಟ್ಟರೂ ಅದರ ಹಿಂದೆಯೇ ಕಾಯಬೇಕು.

ಸಣ್ಣ ಮೊತ್ತಗಳನ್ನು ಪಡೆಯುವವರಿಗೆ ಈ ವ್ಯತ್ಯಾಸ ನೇರವಾಗಿ ತಟ್ಟುತ್ತದೆ. ಇಥೀರಿಯಂನಲ್ಲಿ ಹಣ ನೂರು ಸಲ ಬಂದಿರಲಿ, ಒಂದೇ ಸಲ ಬಂದಿರಲಿ, ಸಾಮಾನ್ಯ ಖಾತೆಯಿಂದ ಇನ್ನೊಂದಕ್ಕೆ ಈಥರ್ ಕಳಿಸಲು 21,000 ಗ್ಯಾಸ್ ಸಾಕಾಗುತ್ತದೆ. ಬಿಟ್‌ಕಾಯಿನ್ ಶುಲ್ಕ ನಿಲ್ಲುವುದು ವಹಿವಾಟಿನ ಗಾತ್ರದ ಮೇಲೆ, ಕಳಿಸುವ ಮೊತ್ತದ ಮೇಲಲ್ಲ. `bc1q` ಎಂದು ಶುರುವಾಗುವ ಸಾಮಾನ್ಯ ವಿಳಾಸದ ಒಂದು ಔಟ್‌ಪುಟ್ ಖರ್ಚು ಮಾಡಲು ಸುಮಾರು 68 ವರ್ಚುವಲ್ ಬೈಟ್ ಜಾಗ ಬೇಕು. ಬೈಟಿಗೆ 10 ಸತೋಶಿ ದರವಿದ್ದರೆ ಅದಕ್ಕೇ 680 ಸತೋಶಿ. ನಿಮ್ಮ ಬಳಿಯ ಔಟ್‌ಪುಟ್ 600 ಸತೋಶಿಯದಾದರೆ, ಖರ್ಚು ಮಾಡಿದಷ್ಟೂ ನಷ್ಟ. ವ್ಯಾಲೆಟ್ ಮಾತ್ರ ಅದನ್ನೂ ಕೂಡಿಸಿ ತೋರಿಸುತ್ತಲೇ ಇರುತ್ತದೆ.

ಆದ್ದರಿಂದ ಸಣ್ಣ ಔಟ್‌ಪುಟ್‌ಗಳು ಗುಡ್ಡೆಯಾಗಿದ್ದರೆ, ಶುಲ್ಕ ಇಳಿದಾಗ ಅವುಗಳನ್ನು ನಿಮಗೇ ಕಳಿಸಿಕೊಂಡು ಒಂದಾಗಿಸಿ. ಹೀಗೆ ಒಂದೇ ವಹಿವಾಟಿನಲ್ಲಿ ಬಳಸಿದ ವಿಳಾಸಗಳೆಲ್ಲ ಒಬ್ಬರವೇ ಎಂದು ನೋಡುವವರು ಊಹಿಸಬಲ್ಲರು. ಗುಟ್ಟಾಗಿರಬೇಕಾದ ಹಣವನ್ನು ಆ ರಾಶಿಗೆ ಸೇರಿಸಬೇಡಿ.